ಅರ್ಧ ಬೆರಳು ನೀರಲ್ಲಿ ಇಡೀ ಬಾತುಕೋಳಿ

ಮಕ್ಕಳೇ, ಅಂಗಡಿಗಳ ಪೋಸ್ಟರ್‌ಗಳಲ್ಲಿ ಇಂಥ ಚಿತ್ರ ನೋಡಿರುತ್ತೀರಿ. ಸೋಪೋ, ಜ್ಯೂಸ್ ಬಾಟಲಿಯೋ ನೀರಿನ ಮೇಲೆ ನಿಂತಿರುತ್ತದೆ. ಸುತ್ತಲೂ ಉಂಗುರ ಉಂಗುರವಾಗಿ ಅಲೆ, ಕೆಳಗೆ ಅದರದೇ ತಲೆಕೆಳಗಾದ ಬಿಂಬ. ನೋಡಿದ ಕೂಡಲೇ ‘ಫ್ರೆಶ್’ ಅನ್ನಿಸಬೇಕು, ಅದಕ್ಕೇ ಆ ಚಿತ್ರ. ಅದನ್ನು ಕೆರೆಯಲ್ಲೋ ಹೊಳೆಯಲ್ಲೋ ತೆಗೆದಿರಬೇಕು ಎಂದು ನೀವು ಅಂದುಕೊಂಡಿದ್ದರೆ, ಹೋದ ವರ್ಷದವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನದು ರಾಮನಗರದಲ್ಲಿ ಪುಟ್ಟ ಸ್ಟುಡಿಯೋ. ಕನಕಪುರ, ಮಾಗಡಿ ಕಡೆಯ ಮದುವೆ, ನಾಮಕರಣಗಳೇ ನನ್ನ ಅನ್ನ. ಒಂದು ದಿನ ಚನ್ನಪಟ್ಟಣದ ಗೊಂಬೆ ಅಂಗಡಿಯವರೊಬ್ಬರು ಬಂದು, ಅರಗಿನ ಬಣ್ಣದ ಮರದ ಬಾತುಕೋಳಿಯೊಂದನ್ನು ಮೇಜಿನ ಮೇಲಿಟ್ಟರು. ಹಳದಿ ಮೈ, ಕೆಂಪು ಕೊಕ್ಕು, ಗೇಣಿಗಿಂತ ತುಸು ಕಡಿಮೆ ಎತ್ತರ. “ಬೇಸಿಗೆ ರಜೆಗೆ ಪೋಸ್ಟರ್ ಬೇಕು ಸಾರ್. ನೀರಿನ ಮೇಲೆ ಕೂತಿರಬೇಕು, ಅಲೆ ಬರಬೇಕು, ನೆರಳು ಕಾಣಬೇಕು. ತಂಪಾಗಿರಬೇಕು” ಎಂದರು. ಅದಕ್ಕೇನಂತೆ ಎಂದು ಒಪ್ಪಿಕೊಂಡೆ.

ಮಾರನೆಯ ಬೆಳಗ್ಗೆ ಆರನೇ ತರಗತಿಯ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕಣ್ವ ಜಲಾಶಯಕ್ಕೆ ಹೋದೆ. ದಡದ ಬಳಿ ಬಾತುಕೋಳಿಯನ್ನು ನೀರಿಗೆ ಬಿಟ್ಟರೆ ಅದು ತೇಲಿತು, ಆದರೆ ಮಗ್ಗುಲಾಯಿತು! ಅದರ ಭಾರವೆಲ್ಲ ಮೇಲೆ, ತಲೆಯ ಕಡೆಗಿತ್ತು. ಹೊಟ್ಟೆಯ ಕೆಳಗೆ ದೋಣಿಯಂತೆ ಭಾರವಿಲ್ಲ. ಕೋಲು ಚುಚ್ಚಿ ನಿಲ್ಲಿಸಿದೆವು. ಆಗ ಸಣ್ಣಗೆ ಗಾಳಿ ಬಂತು. ನಮ್ಮ ಕೆನ್ನೆಗೆ ಗೊತ್ತೂ ಆಗದಷ್ಟು ಗಾಳಿ. ಅಷ್ಟಕ್ಕೇ ಬಿಂಬ ಚೂರುಚೂರಾಯಿತು. ಎರಡು ಗಂಟೆ ಕಾದು, ಒಂದೂ ಚಿತ್ರವಿಲ್ಲದೆ ಒದ್ದೆ ಪ್ಯಾಂಟಿನಲ್ಲಿ ಮನೆಗೆ ಬಂದೆವು.

ಮನೆಯಲ್ಲಿ ಯೋಚನೆ ಮಾಡುತ್ತ ಕೂತಾಗ ಮಗಳು ಕೇಳಿದಳು: “ಅಪ್ಪ, ಬಾತುಕೋಳಿಯಷ್ಟೇ ಉದ್ದ ಬಿಂಬ ಬೇಕು ಅಂದ್ರೆ ನೀರೂ ಅಷ್ಟೇ ಆಳ ಇರಬೇಕಲ್ವಾ?” ಬೇಡ! ಗೋಡೆಯ ಕನ್ನಡಿಯ ದಪ್ಪ ನಾಲ್ಕು ಮಿಲಿಮೀಟರ್ ಇದ್ದರೂ ಅದರೊಳಗೆ ಇಡೀ ಕೋಣೆ ಕಾಣುವುದಿಲ್ಲವೇ? ಬಿಂಬ ಹುಟ್ಟುವುದು ನೀರಿನ ಮೇಲ್ಮೈಯಲ್ಲಿ, ಆಳದಲ್ಲಲ್ಲ. ಅರ್ಧ ಬೆರಳು ನೀರಿದ್ದರೂ ಇಡೀ ಬಾತುಕೋಳಿ ಕಾಣುತ್ತದೆ. ಹಾಗಾಗಿ ಜಲಾಶಯ ಬಿಟ್ಟು ಟ್ರೇಗೆ ಬಂದೆವು.

ಸುಮಾರು 90 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಕಪ್ಪು ಪ್ಲಾಸ್ಟಿಕ್ ಟ್ರೇ ತಂದೆ. ಕಪ್ಪೇ ಏಕೆ? ಬಿಳಿ ಟ್ರೇಯಲ್ಲಿ ಕೆಳಗಿನ ತಳವೇ ಹೊಳೆದು ಬಿಂಬವನ್ನು ನುಂಗಿಬಿಡುತ್ತದೆ. ಕಪ್ಪು ತಳ ತನ್ನದೇನೂ ತೋರಿಸುವುದಿಲ್ಲ, ನೀರು ತೋರಿಸುವುದನ್ನು ಮಾತ್ರ ನಮ್ಮ ಕಣ್ಣಿಗೆ ಬಿಡುತ್ತದೆ. ಹಳೆಯ ಬಾವಿಗೆ ಇಣುಕಿದಾಗ ಮುಖ ಚೆನ್ನಾಗಿ ಕಾಣುತ್ತಿದ್ದುದು ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಕಾರಣ ಇದೇ, ಕೆಳಗೆ ಕತ್ತಲೆ.

ಬಾತುಕೋಳಿಯ ಬುಡಕ್ಕಿಂತ ಸಣ್ಣ ಗಾಜಿನ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಪೀಠ ಮಾಡಿದೆ. ಪೀಠ ಎಂಟು ಮಿಲಿಮೀಟರ್ ಎತ್ತರ. ಅದರ ಮೇಲೆ ಬಾತುಕೋಳಿ. ನೀರು ಬುಡವನ್ನು ಒಂದೇ ಒಂದು ಮಿಲಿಮೀಟರ್ ಮುಟ್ಟುವವರೆಗೆ ಲೋಟದಿಂದ ನಿಧಾನವಾಗಿ ಸುರಿದೆ. ಈಗ ಅದು ನೀರಿನ ಮೇಲೆ ಕೂತಂತೆಯೇ ಕಂಡಿತು. ತೇಲುತ್ತಿಲ್ಲ, ಕೂತಿದೆ!

ನಲ್ಲಿ ನೀರು ಹಾಕಿದ ಅರ್ಧ ಗಂಟೆಗೆ ಟ್ರೇಯ ತಳದಲ್ಲಿ ಮುತ್ತಿನಂಥ ಗುಳ್ಳೆಗಳು ಅಂಟಿಕೊಂಡವು. ನನ್ನ ಅಮ್ಮ ನೋಡಿ, “ಕುದಿಸಿ ಆರಿಸಿದ ನೀರು ಹಾಕು ಮಗಾ” ಎಂದರು. ಹೌದು, ಕುದಿಸಿದರೆ ನೀರಿನಲ್ಲಿ ಕರಗಿದ ಗಾಳಿ ಹೊರಟುಹೋಗುತ್ತದೆ, ಗುಳ್ಳೆ ಕಟ್ಟುವುದಿಲ್ಲ. ಮೇಲೆ ತೇಲುವ ಧೂಳಿಗೆ ಹಳೆಯ ಪೇಪರ್ ಹಾಳೆಯನ್ನು ನೀರಿನ ಮೇಲೆ ಮಲಗಿಸಿ ಮೆಲ್ಲಗೆ ಎಳೆದರೆ ಸಾಕು, ಧೂಳು ಅದಕ್ಕೇ ಅಂಟಿ ಬರುತ್ತದೆ.

ಮುಂದಿನ ಪ್ರಶ್ನೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು? ನೀರನ್ನು ಮೇಲಿನಿಂದ ನೇರ ನೋಡಿದರೆ ಬಿದ್ದ ಬೆಳಕಿನ 100 ಪಾಲಿನಲ್ಲಿ ಬರೀ 2 ಪಾಲು ವಾಪಸಾಗುತ್ತದೆ, ಉಳಿದದ್ದು ನೀರಿನೊಳಗೆ ಇಳಿಯುತ್ತದೆ. ನೀರಿನ ಮಟ್ಟದಿಂದ 30 ಡಿಗ್ರಿ ಓರೆಯಾಗಿ ನೋಡಿದರೆ ಸುಮಾರು 6 ಪಾಲು. 10 ಡಿಗ್ರಿಯಷ್ಟು ಬಗ್ಗಿ ನೋಡಿದರೆ ಸುಮಾರು 35 ಪಾಲು! ಅದಕ್ಕೇ ಒಂದು ಮೀಟರ್ ದೂರದಲ್ಲಿ, ನೀರಿನಿಂದ ಸುಮಾರು 18 ಸೆಂಟಿಮೀಟರ್ ಎತ್ತರಕ್ಕೆ ಕ್ಯಾಮೆರಾ ಇಟ್ಟೆ. ನಾನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಬೇಕಾಯಿತು. ಮಗಳಿಗೆ ನಗು ತಡೆಯಲಾಗಲಿಲ್ಲ.

ಬಿಂಬ ಬಂತು. ಆದರೆ ಒಂದು ಎಡವಟ್ಟೂ ಕಂಡಿತು. ಬಾತುಕೋಳಿಯ ಕೊಕ್ಕಿನ ಕೆಳಗೆ ಒಣಗಿದ ಅಂಟಿನ ಒಂದು ಹನಿ ಇತ್ತು. ಬಾತುಕೋಳಿಯನ್ನು ನೇರ ನೋಡಿದರೆ ಕಾಣದ ಆ ಹನಿ ಬಿಂಬದಲ್ಲಿ ಎದ್ದು ಕಾಣುತ್ತಿತ್ತು. ಏಕೆಂದರೆ ನೀರು ಬಾತುಕೋಳಿಯನ್ನು ಕೆಳಗಿನಿಂದ ನೋಡುತ್ತದೆ. ಹೊಟ್ಟೆ, ಗದ್ದದ ತಳ ಅದಕ್ಕೆ ಹೆಚ್ಚು ಕಾಣುತ್ತದೆ. ಮೇಲಿನ ಚಿತ್ರದ ತಲೆಕೆಳಗು ನಕಲು ಬಿಂಬವಲ್ಲ! ಇದು ನಿಮಗೆ ಒಳ್ಳೆಯ ಪತ್ತೇದಾರಿ ಸಾಧನ. ಪೋಸ್ಟರ್‌ನಲ್ಲಿ ಬಿಂಬ ಮೇಲಿನ ವಸ್ತುವಿನ ಯಥಾವತ್ ಪ್ರತಿಯಂತಿದ್ದರೆ, ಅಷ್ಟೇ ಬೆಳಗುತ್ತಿದ್ದರೆ, ಅದನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ಅಂಟಿಸಿದ್ದಾರೆ ಎಂದು ಅನುಮಾನಿಸಿ. ನಿಜವಾದ ಬಿಂಬ ಸ್ವಲ್ಪ ಮಂಕಾಗಿರುತ್ತದೆ, ಕೆಳಗಿನ ಮುಖವನ್ನೂ ತೋರಿಸುತ್ತದೆ.

ಇನ್ನು ಅಲೆ. ಔಷಧಿ ಹಾಕುವ ಡ್ರಾಪರ್ ಮಗಳ ಕೈಯಲ್ಲಿ. ಬಾತುಕೋಳಿಯ ಮುಂದೆ ಒಂದು ಗೇಣು ದೂರದಲ್ಲಿ ಹನಿ ಬೀಳಿಸಿದಳು. ಉಂಗುರಗಳು ಹೊರಟವು, ಆದರೆ ಚಿತ್ರದಲ್ಲಿ ಸರಿಯಾಗಿ ಕಾಣಲಿಲ್ಲ. ಗೋಡೆ ಪೂರ್ತಿ ಒಂದೇ ಬಿಳುಪು, ಅದೇ ಕಾರಣ. ಪ್ರತಿ ಅಲೆಯೂ ಓರೆಯಾದ ಪುಟಾಣಿ ಕನ್ನಡಿ. ಒಂದು ಇಳಿಜಾರು ಹಿಂದಿನ ಗೋಡೆಯ ಕೆಳಭಾಗವನ್ನು ತೋರಿಸಿದರೆ ಇನ್ನೊಂದು ಮೇಲ್ಭಾಗವನ್ನು ತೋರಿಸುತ್ತದೆ. ಎರಡೂ ಬಿಳಿಯಾದರೆ ಅಲೆ ಕಾಣುವುದೆಲ್ಲಿಂದ? ಹಿಂದೆ ಬಿಳಿ ಪಂಚೆ ಕಟ್ಟಿ, ಅದರ ಹಿಂದಿನಿಂದ ಕೆಳಭಾಗಕ್ಕೆ ಮಾತ್ರ ದೀಪ ಬಿಟ್ಟೆ. ಕೆಳಗೆ ಬೆಳಕು, ಮೇಲೆ ಕತ್ತಲೆ. ಈಗ ಉಂಗುರಗಳು ಕಪ್ಪು-ಬಿಳಿ ಗೆರೆಗಳಾಗಿ ಎದ್ದು ನಿಂತವು!

ಅಲೆಯ ವೇಗವೂ ನಮಗೆ ಬೇಕು. ಇಂಥ ಸಣ್ಣ ಅಲೆ ಸೆಕೆಂಡಿಗೆ ಸುಮಾರು ಒಂದು ಗೇಣು, ಅಂದರೆ 23 ಸೆಂಟಿಮೀಟರ್ ಹೋಗುತ್ತದೆ. ಕ್ಯಾಮೆರಾದ ಬಾಗಿಲು ಸೆಕೆಂಡಿನ ಹತ್ತನೇ ಒಂದು ಭಾಗ ತೆರೆದಿದ್ದರೆ, ಅಷ್ಟರಲ್ಲಿ ಅಲೆ ಎರಡು ಸೆಂಟಿಮೀಟರ್‌ಗೂ ಹೆಚ್ಚು ಸರಿದು ಚಿತ್ರ ಕಲಸಿಹೋಗುತ್ತದೆ. 200ನೇ ಒಂದು ಭಾಗವಾದರೆ ಸರಿಯುವುದು ಒಂದೇ ಮಿಲಿಮೀಟರ್. ಇನ್ನೊಂದು ಲೆಕ್ಕ: ಗೇಣು ದೂರದಲ್ಲಿ ಬಿದ್ದ ಹನಿಯ ಅಲೆ ಬಾತುಕೋಳಿಯನ್ನು ಮುಟ್ಟಲು ಒಂದು ಸೆಕೆಂಡು. ಆಮೇಲೆ ಅಲೆ ಟ್ರೇಯ ಅಂಚಿಗೆ ಬಡಿದು ವಾಪಸು ಬಂದು ಎಲ್ಲ ಗೋಜಲಾಗುತ್ತದೆ. ಅಂಚಿನ ಸುತ್ತ ಒದ್ದೆ ಟವೆಲ್ ಸುರುಳಿ ಸುತ್ತಿಟ್ಟೆ. ಅದು ಸಮುದ್ರತೀರದ ಮರಳಿನಂತೆ ಅಲೆಯನ್ನು ನುಂಗಿತು. ಮಗಳು “ಹನಿ!” ಎಂದು ಕೂಗುವುದು, ನಾನು ಮನಸ್ಸಿನಲ್ಲೇ ‘ಒಂದು’ ಎಂದು ಎಣಿಸಿ ಗುಂಡಿ ಒತ್ತುವುದು. ನಲವತ್ತಕ್ಕೂ ಹೆಚ್ಚು ಸಲ ಮಾಡಿದೆವು. ಒಂದು ಚಿತ್ರ ಸರಿಯಾಗಿ ಬಂತು.

ಖುಷಿಯಲ್ಲಿ ಊಟಕ್ಕೆ ಹೋದೆವು. ಬಾತುಕೋಳಿಯನ್ನು ಟ್ರೇಯಲ್ಲೇ ಮರೆತಿದ್ದೆ. ಎರಡು ಗಂಟೆಯ ಮೇಲೆ ಬಂದು ನೋಡಿದರೆ ಬುಡದ ಸುತ್ತ ಹಳದಿ ಬಣ್ಣದ ಮೇಲೆ ಬೂದಿ ಹಚ್ಚಿದಂಥ ಬಿಳಿ ಪಟ್ಟಿ!

ನಾಚಿಕೆಯಿಂದಲೇ ಅದನ್ನು ಹಿಡಿದು, ಮಾಡಿದವರ ಬಳಿ ಚನ್ನಪಟ್ಟಣಕ್ಕೆ ಹೋದೆ. ಅವರು ವಯಸ್ಸಾದವರು. ಲೇತಿನಲ್ಲಿ ಆಲೆ ಮರದ ತುಂಡು ತಿರುಗುತ್ತಿತ್ತು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದಿದ್ದರು. ಬೆಂಕಿಯಿಲ್ಲ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಕನ್ನಡಿಯ ಹೊಳಪು. ಬಿಳಿ ಪಟ್ಟಿಯನ್ನು ಬೆರಳಿನಿಂದ ಸವರಿ ಅವರು ಹೇಳಿದರು: “ಅರಗಿಗೆ ಬಹಳ ಹೊತ್ತು ನೀರು ನಿಂತರೆ ಹೀಗೇ ಬಿಳಚ್ತದೆ ಸಾರ್. ಬುಡಕ್ಕೆ ಅರಗಿಲ್ಲ, ಅಲ್ಲಿಂದ ಮರ ನೀರು ಕುಡಿದು ಊದಿಕೊಳ್ತದೆ. ಆಮೇಲೆ ಬಣ್ಣ ಸೀಳ್ತದೆ.” ಸ್ವಲ್ಪ ಸುಮ್ಮನಿದ್ದು ಕೇಳಿದರು: “ನೀವು ಇದನ್ನ ನೀರಲ್ಲಿ ಇಟ್ಟ ಫೋಟೊ ಹಾಕ್ತೀರಿ. ಮಗು ನೋಡಿ ಬಕೆಟ್ಟಿಗೆ ಹಾಕ್ತದೆ. ವಾರದಲ್ಲಿ ಬಣ್ಣ ಹೋದ್ರೆ ಬೈಸ್ಕೊಳೋದು ಯಾರು?”

ನನ್ನ ಬಳಿ ಉತ್ತರವಿರಲಿಲ್ಲ. ಆ ಚಿತ್ರ ತೆಗೆಯಲು ಮೂರು ದಿನ ಪಟ್ಟ ಪಾಡೆಲ್ಲ ಒಂದು ಸುಳ್ಳು ಹೇಳುವುದಕ್ಕೆ ಆಗಿತ್ತೇ? ಸಂಜೆ ಅಂಗಡಿಯವರ ಜೊತೆ ಕೂತು ಮಾತಾಡಿದೆ. ಮೊದಲು ಅವರು, “ಚಿತ್ರ ಅಷ್ಟೇ ಅಲ್ವಾ ಸಾರ್” ಎಂದರು. ಬಿಳಿ ಪಟ್ಟಿಯ ಬಾತುಕೋಳಿಯನ್ನು ಕೈಗೆ ಕೊಟ್ಟ ಮೇಲೆ ಸುಮ್ಮನಾದರು. ಕೊನೆಗೆ ಪೋಸ್ಟರ್‌ನ ಕೆಳಗೆ, ದೂರದಿಂದಲೂ ಓದಲು ಬರುವ ಅಕ್ಷರದಲ್ಲಿ ಹೀಗೆ ಬರೆಸಿದೆವು: ‘ನೀರು ಫೋಟೊಗೆ ಮಾತ್ರ. ನನ್ನನ್ನು ನೀರಿನಲ್ಲಿ ನೆನೆಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ಒರೆಸಿ.’ ಆ ಹಿರಿಯರು ಓದಿಸಿಕೊಂಡು ಕೇಳಿ, ತಲೆಯಾಡಿಸಿ ಮತ್ತೆ ಲೇತಿಗೆ ಕೂತರು.

ರಜೆಯಲ್ಲಿ ನೀವೂ ಮಾಡಿ ನೋಡಿ. ಕಪ್ಪು ತಟ್ಟೆ ಅಥವಾ ಟ್ರೇ, ಕುದಿಸಿ ಆರಿಸಿದ ನೀರು, ಮಧ್ಯೆ ಸ್ಟೀಲ್ ಲೋಟ. ಹಿಂದೆ ಕಿಟಕಿಯ ಬೆಳಕು ಇರಲಿ. ಅಜ್ಜ ಅಥವಾ ಅಜ್ಜಿ ಹನಿ ಹಾಕಲಿ, ನೀವು ತಟ್ಟೆಯ ಮಟ್ಟಕ್ಕೆ ಬಗ್ಗಿ ನೋಡಿ. ಮೊದಲು ಬಿಂಬದಲ್ಲಿ ಲೋಟದ ಬಾಯಿ ಕಾಣುತ್ತದೋ ಇಲ್ಲವೋ ಹುಡುಕಿ. ಆ ಬಿಳಿ ಪಟ್ಟಿಯ ಬಾತುಕೋಳಿ ಈಗ ನಮ್ಮ ಸ್ಟುಡಿಯೋದ ಕಪಾಟಿನಲ್ಲಿದೆ. ಅಂಗಡಿಯವರಿಗೆ ನಾನು ಅದರ ಬೆಲೆ ಕೊಟ್ಟುಬಿಟ್ಟೆ.