ಈರುಳ್ಳಿ ಸುದ್ದಿಗೆ ಅಂಕ ಕೊಡೋದು ಹೇಗೆ, ಎಷ್ಟು ನಂಬೋದು?

ಈರುಳ್ಳಿ ಇಂದೇ ಮಾರಬೇಕಾ, ನಾಲ್ಕು ದಿನ ತಡೀಬೇಕಾ ಅಂತ ಮೊಬೈಲಿಗೆ ಮೆಸೇಜ್ ಬರೋ ಹಾಗೆ ಸಣ್ಣ ಪ್ರೋಗ್ರಾಮ್ ಮಾಡಿಕೊಂಡಿರುವ ಹುಡುಗರು ಈಗ ಸಾಕಷ್ಟು ಇದ್ದಾರೆ. ಮಂಡಿ ದರದ ಜೊತೆ ಸುದ್ದಿ ಶೀರ್ಷಿಕೆಗೂ ಅಂಕ ಕೊಡೋಣ ಅಂತ ಹೊರಟಾಗಲೇ ತೊಡಕು ಶುರು.

ಸಿದ್ಧ ಪದಪಟ್ಟಿಗಳು ಒಳ್ಳೆಯ ಪದಕ್ಕೆ ಪ್ಲಸ್, ಕೆಟ್ಟ ಪದಕ್ಕೆ ಮೈನಸ್ ಹಾಕುತ್ತವೆ. ‘ಈರುಳ್ಳಿ ದರ ಏರಿಕೆ, ಗ್ರಾಹಕರ ಕಣ್ಣಲ್ಲಿ ನೀರು’ ಅನ್ನೋ ಥರದ ಶೀರ್ಷಿಕೆ ಅವಕ್ಕೆ ಮೈನಸ್. ಬೆಳೆದವನಿಗೆ ಅದು ಪ್ಲಸ್! ಪತ್ರಿಕೆ ಬರೆಯೋದು ಕೊಳ್ಳುವವರಿಗಾಗಿ. ಹಾಗಾಗಿ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು, ಅದೂ ಬಿಡಿ ಪದಗಳಲ್ಲಲ್ಲ, ಜೋಡಿಯಾಗಿ. ಮೊದಲು ‘ನಿಷೇಧ ತೆರವು’ ಹುಡುಕಿ, ಸಿಕ್ಕರೆ +1; ಅದಿಲ್ಲದೆ ‘ರಫ್ತು ನಿಷೇಧ’ ಮಾತ್ರ ಇದ್ದರೆ −1. ‘ನಿಷೇಧ’ ಒಂದನ್ನೇ ಹಿಡಿದರೆ ಎರಡಕ್ಕೂ ಮೈನಸ್ ಬೀಳುತ್ತೆ.

ಇನ್ನು ತೂಕ. ನಾನು ಹೇಳೋದು ಹೀಗೆ:

```
ಒಟ್ಟು = 0.8 × ಮಂಡಿ + 0.2 × ಸುದ್ದಿ
```

ಮಂಡಿ ಅಂಕಕ್ಕೆ ಕಳೆದ 7 ದಿನದ ಸರಾಸರಿ ದರವನ್ನು ಅದರ ಹಿಂದಿನ 7 ದಿನದ ಸರಾಸರಿಗೆ ಹೋಲಿಸಿ. 10% ಏರಿದ್ದರೆ +1, 5% ಏರಿದ್ದರೆ +0.5, ಇಳಿದಿದ್ದರೆ ಅಷ್ಟೇ ಮೈನಸ್. ಒಟ್ಟು +0.3 ದಾಟಿದರೆ ‘ತಡೀರಿ’, −0.3ಕ್ಕಿಂತ ಕೆಳಗಿದ್ದರೆ ‘ಮಾರಿ’, ನಡುವೆ ಇದ್ದರೆ ‘ನೀವೇ ನೋಡಿ’.

2023ರ ಡಿಸೆಂಬರ್ 8ರಿಂದ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿತು, ಮಂಡಿಗಳಲ್ಲಿ ದರ ಕುಸಿಯಿತು. ಅಂಥ ದಿನ ನಿಮ್ಮ ಮಂಡಿ ಅಂಕ +0.5 ಇತ್ತು ಅಂದುಕೊಳ್ಳಿ. ಸುದ್ದಿ ಇಲ್ಲದಿದ್ದರೆ ಒಟ್ಟು +0.4, ಅಂದರೆ ‘ತಡೀರಿ’. ನಿಷೇಧದ −1 ಸೇರಿದರೆ +0.2, ‘ನೀವೇ ನೋಡಿ’. 0.2 ತೂಕದ ಸುದ್ದಿ ತಾನೊಂದೇ ನಿಮ್ಮಿಂದ ಮಾಲು ಮಾರಿಸಲಾರದು, ಆದರೆ ಪ್ರೋಗ್ರಾಮನ್ನು ನಿಲ್ಲಿಸಿ ನಿಮ್ಮನ್ನು ಕರೆಯುತ್ತದೆ. ನನಗೆ ಬೇಕಾದ್ದು ಅಷ್ಟೇ. ಮುಂಗಾರು ಈರುಳ್ಳಿ ಹೇಗೂ ಬಹಳ ದಿನ ಇಡೋಕಾಗಲ್ಲ.

ತೂಕ ಹೆಚ್ಚಿಸಬಾರದು ಅನ್ನೋಕೆ ಇನ್ನೊಂದು ಕಾರಣ ಇದೆ. 2024ರ ಮೇ 4ರಂದು ನಿಷೇಧ ತೆರವಾಯ್ತು, ಶೀರ್ಷಿಕೆಗೆ +1 ಬೀಳುತ್ತೆ. ಆದರೆ ಟನ್ನಿಗೆ ಕನಿಷ್ಠ 550 ಡಾಲರ್ ರಫ್ತು ದರ, 40% ಸುಂಕ ಅನ್ನೋ ಷರತ್ತೂ ಇತ್ತು. ಅದು ಸುದ್ದಿಯ ಒಳಗಷ್ಟೇ ಇದ್ದರೆ ಬರೀ ಶೀರ್ಷಿಕೆ ಓದೋ ಪ್ರೋಗ್ರಾಮಿಗೆ ಕಾಣಲ್ಲ.

ಒಂದೇ ಆದೇಶವನ್ನು ಹತ್ತು ವೆಬ್‌ಸೈಟ್ ಹಾಕಿದರೂ ಅದು ಒಂದೇ ಸುದ್ದಿ, ಒಂದೇ ಸಲ ಎಣಿಸಿ. ಆಮೇಲೆ ಹಳೇ ದರಗಳ ಮೇಲೆ ತೂಕ 0 ಇಟ್ಟು, 0.2 ಇಟ್ಟು, ಎರಡೂ ಸಲ ಓಡಿಸಿ ನೋಡಿ. ಸಂಜೆ ಬಂದ ಸುದ್ದಿಯನ್ನು ಮರುದಿನದ ಹರಾಜಿಗೇ ಸೇರಿಸಬೇಕು. ಅದೇ ಬೆಳಗಿನ ದರಕ್ಕೆ ಸೇರಿಸಿದರೆ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತೆ. 0.2ರಿಂದ ಕೈಗೆ ಬರೋ ದುಡ್ಡು ಹೆಚ್ಚಾಗದಿದ್ದರೆ ಸುದ್ದಿಯ ತೂಕ ಸೊನ್ನೆ ಮಾಡಿ, ಆ ಸಾಲನ್ನೇ ತೆಗೆದುಬಿಡಿ.