ನಲವತ್ತು ತುಂಬಿದ ಅಂಗಡಿಗೆ ನಾಲ್ಕು ಸಾಲು

ಹಾಸನದ ಕಡೆಯ ಒಂದು ಊರಿನಲ್ಲಿ 1985ರ ವಿಜಯದಶಮಿಗೆ ಕಾಫಿಪುಡಿ ಅಂಗಡಿಯೊಂದು ಶುರುವಾಯಿತು ಎಂದಿಟ್ಟುಕೊಳ್ಳಿ. ಆಗ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದವರು ಅಪ್ಪ, ಈಗ ಮಗಳು. 2025ರ ಹಬ್ಬಕ್ಕೆ ಅವಳು ಅಂಗಡಿಯ ಫೋಟೊ ತೆಗೆದು ಇನ್‌ಸ್ಟಾಗ್ರಾಂಗೂ ವಾಟ್ಸಾಪ್‌ಗೂ ಹಾಕಬೇಕು. ಅದರಡಿ ನಾಲ್ಕು ಸಾಲು ಬರೆಯಬೇಕು. ಕೈ ತಾನಾಗಿ ಬರೆಯುವುದು ಹೀಗೆ:

“ನಾಲ್ಕು ದಶಕಗಳ ಸುವರ್ಣ ಪಯಣ. ಅಪ್ಪ ನೆಟ್ಟ ಸಸಿ ಇಂದು ಹೆಮ್ಮರ. ಅದೇ ರುಚಿ, ಅದೇ ನಂಬಿಕೆ. ನಿಮ್ಮ ಪ್ರೀತಿಗೆ ಚಿರಋಣಿ.”

ಇದರಲ್ಲಿ ಕಾಫಿ ಎಲ್ಲಿದೆ? ಬಟ್ಟೆ ಅಂಗಡಿಯವರೋ ಪಾತ್ರೆ ಅಂಗಡಿಯವರೋ ಒಂದಕ್ಷರ ತಿದ್ದದೆ ಇದನ್ನೇ ಹಾಕಿಕೊಳ್ಳಬಹುದು. ಸುವರ್ಣ ಎನ್ನುವುದಂತೂ 50ಕ್ಕೆ ಸಲ್ಲುವ ಮಾತು, ಇನ್ನೂ ಹತ್ತು ವರ್ಷ ಬಾಕಿ ಇದೆ.

ಹೆಚ್ಚು ತೊಂದರೆ ಕೊಡುವುದು “ಅದೇ ರುಚಿ” ಎಂಬ ಮಾತು. ಕಾಫಿ ವ್ಯಾಪಾರ ಬಲ್ಲವರು ಇದನ್ನು ಓದಿ ನಕ್ಕಾರು. 1985ರಲ್ಲಿ ಬೆಳೆಗಾರ ತನ್ನ ಬೀಜವನ್ನು ಇಷ್ಟಬಂದವರಿಗೆ ಮಾರುವಂತಿರಲಿಲ್ಲ. ಅದು ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕಿತ್ತು; ಬೋರ್ಡ್ ಹರಾಜು ಹಾಕುತ್ತಿತ್ತು. ಯಾವ ತೋಟದ ಬೀಜ ಎಂದು ಪುಡಿ ಅಂಗಡಿಯವರು ಹುಡುಕಿಕೊಂಡು ಹೋಗುವ ಮಾತೇ ಇರಲಿಲ್ಲ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ, ದಶಕದ ನಡುವಿನ ಹೊತ್ತಿಗೆ ಬೆಳೆಗಾರರು ನೇರ ಮಾರುವಂತಾಯಿತು. ಅಲ್ಲಿಗೆ ಅಪ್ಪನ ಕಾಲದ ಬೀಜ ಬೇರೆ, ಮಗಳ ಕಾಲದ ಬೀಜ ಬೇರೆ. ಅದೂ ಅಲ್ಲದೆ ಮಳೆ ನೋಡಿಕೊಂಡು ಪ್ರತಿ ವರ್ಷದ ಬೆಳೆಯೂ ಬದಲಾಗುತ್ತದೆ, ಹುರಿಯುವವರ ಕೈಯೂ ಬದಲಾಗಿದೆ. ರುಚಿ ಒಂದಿಷ್ಟೂ ಬದಲಾಗಿಲ್ಲ ಎಂದು ಹೇಳುವುದಕ್ಕಿಂತ, ಏನು ಬದಲಾಯಿತು ಎಂದು ಹೇಳುವುದರಲ್ಲೇ ಈ ಅಂಗಡಿಯ ನಲವತ್ತು ವರ್ಷ ಕಾಣುತ್ತದೆ. ಹಳೆಯದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ಧಾಟಿಯೂ ಅದರಿಂದಲೇ ತಪ್ಪುತ್ತದೆ. ಅಂದು ಹೀಗಿತ್ತು, ಇಂದು ಹೀಗಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಕೊರಗಲು ಜಾಗ ಉಳಿಯುವುದಿಲ್ಲ.

“ಶುದ್ಧ ಕಾಫಿ” ಎಂದು ಬರೆಯುವ ಆಸೆಯೂ ಬರುತ್ತದೆ. ಚಿಕೋರಿ ಬೆರೆಸಿ ಮಾರುವವರು ಅದನ್ನು ಬಿಡುವುದೇ ಒಳ್ಳೆಯದು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಯಾವುದು ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ಕಾಣಿಸಬೇಕು ಎನ್ನುತ್ತದೆ ನಿಯಮ. ಹೇಗೂ ಗಿರಾಕಿ ಕೇಳುವುದು “80-20 ಅರ್ಧ ಕೆ.ಜಿ. ಕೊಡಿ” ಎಂದೇ. ದಿನಾ ಕಿವಿಗೆ ಬೀಳುವ ಆ ಮಾತನ್ನೇ ಕೆಳಗೆ ಬರೆದರೆ, ಅದು ಕಾಫಿಪುಡಿ ಅಂಗಡಿಗಲ್ಲದೆ ಬೇರೆಯವರಿಗೆ ಹೊಂದುವುದಿಲ್ಲ.

ಇನ್ನು ಲೆಕ್ಕ. 1985ರಲ್ಲಿ ಶುರುವಾದದ್ದು 2025ರಲ್ಲಿ 40 ತುಂಬಿ 41ನೇ ವರ್ಷಕ್ಕೆ ಕಾಲಿಡುತ್ತದೆ. ಫ್ಲೆಕ್ಸ್‌ನಲ್ಲಿ “40ನೇ ವರ್ಷಕ್ಕೆ ಪಾದಾರ್ಪಣೆ” ಎಂದು ಹಾಕಿಸಿದರೆ ಒಂದು ವರ್ಷ ನಷ್ಟ. ವಿಜಯದಶಮಿ ಪ್ರತಿ ವರ್ಷ ಬೇರೆ ತಾರೀಕಿಗೆ ಬರುವುದರಿಂದ ಹಬ್ಬದ ಹೆಸರು ಬರೆದರೆ ಸಾಕು, ತಾರೀಕಿನ ಗೋಜಲು ಬೇಡ.

ಹಾಗಾದರೆ ಅಪ್ಪನನ್ನು ಬಿಡಬೇಕೆ? ಬೇಡ. ಅವರ ಗುಣಗಾನದ ಬದಲು ಅವರು ಮಾಡುತ್ತಿದ್ದ ಕೆಲಸವನ್ನು ಹೇಳಿದರಾಯಿತು. “ಕನಸುಗಾರ”, “ಶ್ರಮಜೀವಿ” ಎಂಬ ಮಾತುಗಳು ಯಾರ ಅಪ್ಪನಿಗೂ ಸಲ್ಲುತ್ತವೆ. ಹುರಿಯುತ್ತಿದ್ದರು ಎಂಬುದು ಈ ಅಪ್ಪನ ಮಾತು. ಇಷ್ಟೆಲ್ಲ ತಿದ್ದಿದ ಮೇಲೆ ಉಳಿಯುವುದು:

“1985ರ ವಿಜಯದಶಮಿಗೆ ಶುರುವಾದ ಅಂಗಡಿ, ಈ ಹಬ್ಬಕ್ಕೆ 40 ತುಂಬಿತು.
ಮೊದಲು ಬೋರ್ಡ್ ಹರಾಜಿನ ಬೀಜ, ಅಪ್ಪ ಹುರಿಯುತ್ತಿದ್ದರು. ಈಗ ನೇರ ತೋಟದ ಬೀಜ, ನಾನು ಹುರಿಯುತ್ತೇನೆ.
ನೀವು ಮಾತ್ರ ಇನ್ನೂ 80-20 ಅಂತಲೇ ಕೇಳುತ್ತೀರಿ.
ನಾಳೆ ಬೆಳಿಗ್ಗೆ 7ಕ್ಕೆ ಬಾಗಿಲು ತೆಗೆದಿರುತ್ತದೆ.”

ಇನ್‌ಸ್ಟಾಗ್ರಾಂನಲ್ಲಿ ಮೊದಲು ಕಣ್ಣಿಗೆ ಬೀಳುವುದು ಒಂದೆರಡು ಸಾಲು ಮಾತ್ರ, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಅದಕ್ಕೇ ವರ್ಷವೂ ಹಬ್ಬವೂ ಮೊದಲ ಸಾಲಿನಲ್ಲೇ ಇವೆ. ಧನ್ಯವಾದ ಎಂಬ ಪದ ಇಲ್ಲ, ಆದರೆ ಮೂರನೆಯ ಸಾಲು ಗಿರಾಕಿಯದೇ. ಅದನ್ನು ಓದಿದವರಲ್ಲಿ ಯಾರಾದರೂ “ನಮ್ಮನೇಲಿ 70-30” ಎಂದು ಉತ್ತರಿಸಿಯೇ ತೀರುತ್ತಾರೆ.

ಫೋಟೊ ಹಳೆಯ ಕಪ್ಪುಬಿಳುಪಿನದೇ ಆಗಬೇಕಿಲ್ಲ. ಆಯುಧಪೂಜೆಗೆ ಹೂ ಮುಡಿಸಿದ ಬೀಸುವ ಮೆಷಿನ್‌ನದು ಈ ಸಾಲುಗಳಿಗೆ ಹೆಚ್ಚು ಹೊಂದುತ್ತದೆ. ಹಬ್ಬದ ರಿಯಾಯಿತಿ ಇದ್ದರೆ ಅದನ್ನು ಇದರೊಳಗೆ ತುರುಕಬೇಡಿ, ಮಾರನೇ ದಿನ ಬೇರೆಯಾಗಿ ಹಾಕಿ. ಒಂದೇ ಕಡೆ ಹಾಕಿದರೆ ಜನ ಓದುವುದು ರಿಯಾಯಿತಿಯನ್ನಷ್ಟೇ.