ಆಹಾರ ಮತ್ತು ಆರೋಗ್ಯ ಕುರಿತ ಸುದ್ದಿಗಳನ್ನು ಓದುವ ಬಗೆ: ಸಾರ್ವಜನಿಕರಿಗೆ ಮಾಹಿತಿ

ಇಂತಹ ಪದಾರ್ಥವನ್ನು ಸೇವಿಸಿದರೆ ಕ್ಯಾನ್ಸರ್ ಬರುವುದಿಲ್ಲ, ಇಂತಹುದನ್ನು ಸೇವಿಸಿದರೆ ತೂಕ ಇಳಿಯುತ್ತದೆ ಎಂಬ ಶೀರ್ಷಿಕೆಗಳು ಪತ್ರಿಕೆಗಳಲ್ಲಿಯೂ ದೂರದರ್ಶನ ವಾಹಿನಿಗಳಲ್ಲಿಯೂ ನಿತ್ಯ ಕಾಣಬರುತ್ತವೆ. ಇವುಗಳನ್ನು ನಂಬಿ ದುಬಾರಿ ಮಾತ್ರೆಗಳನ್ನು ಕೊಳ್ಳುವವರೂ, ವೈದ್ಯರು ಬರೆದುಕೊಟ್ಟ ಔಷಧಿಯನ್ನೇ ನಿಲ್ಲಿಸುವವರೂ ಇದ್ದಾರೆ. ಶೀರ್ಷಿಕೆಯ ಹಿಂದಿರುವ ಅಧ್ಯಯನ ಎಂತಹುದು ಎಂಬುದನ್ನು ತಿಳಿಯುವ ಬಗೆಯನ್ನು ನಡೆದ ಮೂರು ಪ್ರಸಂಗಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ಅಧ್ಯಯನದಲ್ಲಿ ಎಷ್ಟು ಜನರಿದ್ದರು?

2015ರಲ್ಲಿ ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ ಸುದ್ದಿ ಜರ್ಮನಿಯ ಪ್ರಮುಖ ದಿನಪತ್ರಿಕೆಯೊಂದರ ಮುಖಪುಟದಲ್ಲಿ ಪ್ರಕಟವಾಗಿ ಅನೇಕ ದೇಶಗಳಿಗೆ ಹರಡಿತು. ಆಹಾರ ಕುರಿತ ಸುದ್ದಿಗಳು ಎಷ್ಟು ಸಡಿಲವಾಗಿ ಪ್ರಕಟವಾಗುತ್ತವೆ ಎಂಬುದನ್ನು ತೋರಿಸುವ ಸಲುವಾಗಿಯೇ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತರು ಇತರರೊಡನೆ ಸೇರಿ ಈ ಅಧ್ಯಯನವನ್ನು ನಡೆಸಿದ್ದರು. ಸುದ್ದಿ ಹರಡಿದ ಮೇಲೆ ಅವರೇ ಈ ಸಂಗತಿಯನ್ನು ಬಹಿರಂಗಪಡಿಸಿದರು.

ವಿಶೇಷವೆಂದರೆ, ಅಧ್ಯಯನದಲ್ಲಿ ಅಂಕಿ ಅಂಶಗಳನ್ನು ಸೃಷ್ಟಿಸಿರಲಿಲ್ಲ. 16 ಜನರನ್ನು ಸೇರಿಸಿಕೊಂಡು ಮೂರು ಗುಂಪುಗಳನ್ನಾಗಿ ಮಾಡಲಾಯಿತು. ಒಂದು ಗುಂಪಿಗೆ ಪಿಷ್ಟ ಕಡಿಮೆ ಇರುವ ಆಹಾರ, ಇನ್ನೊಂದಕ್ಕೆ ಅದರೊಂದಿಗೆ ದಿನಕ್ಕೆ ಸುಮಾರು 42 ಗ್ರಾಂ ಕಪ್ಪು ಚಾಕೊಲೇಟ್, ಮೂರನೆಯದಕ್ಕೆ ಎಂದಿನ ಊಟ. ಮೂರು ವಾರಗಳ ಬಳಿಕ ಚಾಕೊಲೇಟ್ ಗುಂಪಿನ ತೂಕ ಶೇಕಡಾ 10ರಷ್ಟು ಹೆಚ್ಚು ವೇಗವಾಗಿ ಇಳಿದಿತ್ತು. ಆದರೆ ಒಟ್ಟು ಇಳಿದದ್ದೇ ಎರಡು ಕಿಲೋಗ್ರಾಂಗಿಂತ ತುಸು ಹೆಚ್ಚು. ಅದರ ಶೇಕಡಾ 10 ಎಂದರೆ ಸುಮಾರು ಕಾಲು ಕಿಲೋ. ಒಂದು ಚೊಂಬು ನೀರು ಕುಡಿದರೆ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ತೂಕದ ಯಂತ್ರದಲ್ಲಿ ಕಾಣುತ್ತದೆ. ಗುಂಪಿಗೆ ಐದಾರು ಜನರಷ್ಟೇ ಇರುವಾಗ ಒಬ್ಬರ ಏರಿಳಿತವೇ ಇಡೀ ಗುಂಪಿನ ಸರಾಸರಿಯನ್ನು ಬದಲಿಸಬಲ್ಲದು.

ಇದಕ್ಕಿಂತಲೂ ಸೂಕ್ಷ್ಮವಾದ ದೋಷ ಇನ್ನೊಂದಿತ್ತು. ತೂಕ, ಕೊಲೆಸ್ಟರಾಲ್, ನಿದ್ರೆಯ ಗುಣಮಟ್ಟ ಮುಂತಾಗಿ ಒಬ್ಬೊಬ್ಬರಲ್ಲಿ 18 ಅಳತೆಗಳನ್ನು ತೆಗೆದುಕೊಳ್ಳಲಾಗಿತ್ತು. ನಿಜವಾದ ಪರಿಣಾಮವೇ ಇಲ್ಲದಿದ್ದರೂ ಕೇವಲ ಆಕಸ್ಮಿಕವಾಗಿ ವ್ಯತ್ಯಾಸ ಕಾಣುವ ಸಾಧ್ಯತೆ ಒಂದು ಅಳತೆಯಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಇರಬೇಕೆಂಬುದು ಸಂಶೋಧಕರಲ್ಲಿ ರೂಢಿಯಲ್ಲಿರುವ ಮಿತಿ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ 18 ಅಳತೆಗಳನ್ನು ತೆಗೆದುಕೊಂಡರೆ, ಯಾವುದಾದರೊಂದರಲ್ಲಿ ಹುಸಿ ವ್ಯತ್ಯಾಸ ಕಾಣುವ ಸಾಧ್ಯತೆ ಶೇಕಡಾ 60ರಷ್ಟಾಗುತ್ತದೆ. ಕಂಡುಬಂದ ಒಂದನ್ನು ಶೀರ್ಷಿಕೆಯಾಗಿಸಿ ಉಳಿದವನ್ನು ಬದಿಗಿಟ್ಟರೆ ಸುದ್ದಿ ಸಿದ್ಧವಾಯಿತು. ಆದ್ದರಿಂದ ಜನರ ಸಂಖ್ಯೆಯನ್ನು ಸುದ್ದಿಯಲ್ಲಿ ಹುಡುಕುವುದು ಓದುಗರ ಮೊದಲ ಕೆಲಸ. ಸಂಖ್ಯೆಯನ್ನೇ ತಿಳಿಸದ ಸುದ್ದಿಯನ್ನು ನಂಬಿ ಊಟದ ಕ್ರಮವನ್ನು ಬದಲಿಸುವ ಅಗತ್ಯವಿಲ್ಲ.

ಪ್ರಯೋಗ ನಡೆದದ್ದು ಮನುಷ್ಯರ ಮೇಲೆಯೋ, ಇಲಿಗಳ ಮೇಲೆಯೋ?

ಸಕ್ಕರೆಯ ಬದಲಿಗೆ ಬಳಸುವ ಸ್ಯಾಕರಿನ್‌ನಿಂದ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆ ಎಂಬ ಭೀತಿ 1970ರ ದಶಕದಲ್ಲಿ ಹಬ್ಬಿತು. 1977ರಲ್ಲಿ ಅಮೆರಿಕದಲ್ಲಿ ಅದರ ನಿಷೇಧದ ಪ್ರಸ್ತಾಪವಾಯಿತು. ಕೊನೆಗೆ ನಿಷೇಧದ ಬದಲು ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸುವುದು ಕಡ್ಡಾಯವಾಯಿತು. ಇದಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಇಲಿಗಳಿಗೆ ನೀಡಿದ ಆಹಾರದ ಶೇಕಡಾ 5ರಷ್ಟು ಸ್ಯಾಕರಿನ್ ಆಗಿತ್ತು. ಅಂದರೆ ಒಂದು ಕಿಲೋ ಆಹಾರಕ್ಕೆ 50 ಗ್ರಾಂ. ಕಾಫಿಗೆ ಹಾಕುವ ಸ್ಯಾಕರಿನ್ ಗುಳಿಗೆಯಲ್ಲಿರುವುದು ಮಿಲಿಗ್ರಾಂಗಳ ಲೆಕ್ಕದಲ್ಲಿ.

ಪ್ರಮಾಣದ ವಿಷಯ ಹಾಗಿರಲಿ, ಗಡ್ಡೆ ಬೆಳೆದ ಕಾರಣವೇ ಬೇರೆಯೆಂದು ನಂತರ ತಿಳಿದುಬಂತು. ಗಂಡು ಇಲಿಯ ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಅಧಿಕ. ಅಧಿಕ ಪ್ರಮಾಣದ ಸ್ಯಾಕರಿನ್ ಸೇರಿದಾಗ ಅಲ್ಲಿ ಸಣ್ಣ ಹರಳುಗಳುಂಟಾಗಿ ಮೂತ್ರಕೋಶದ ಒಳಪದರವನ್ನು ಕೆರೆಯುತ್ತವೆ. ಗಾಯ ಮಾಯಲು ಜೀವಕೋಶಗಳು ಮತ್ತೆ ಮತ್ತೆ ವಿಭಜನೆಯಾಗಿ ಕೊನೆಗೆ ಗಡ್ಡೆ ಬೆಳೆಯುತ್ತದೆ. ಮನುಷ್ಯರ ಮೂತ್ರದ ರಚನೆ ಹಾಗಿಲ್ಲ. ಅಷ್ಟೇಕೆ, ಪ್ರಯೋಗಾಲಯದ ಚಿಕ್ಕ ಜಾತಿಯ ಇಲಿಗಳಲ್ಲಿಯೂ ಈ ಪರಿಣಾಮ ಕಂಡುಬರಲಿಲ್ಲ. ನಮ್ಮ ಪತ್ರಿಕೆಗಳು ದೊಡ್ಡದಕ್ಕೂ ಚಿಕ್ಕದಕ್ಕೂ ಇಲಿ ಎಂಬ ಒಂದೇ ಹೆಸರನ್ನು ಬಳಸುತ್ತವೆಯಾದರೂ ಅವೆರಡರ ನಡುವೆಯೇ ಇಷ್ಟು ಅಂತರವಿದೆ. 2000ದಲ್ಲಿ ಅಮೆರಿಕವು ಸ್ಯಾಕರಿನ್ ಅನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ಕೈಬಿಟ್ಟಿತು. ಎಚ್ಚರಿಕೆಯ ಮುದ್ರಣವನ್ನೂ ರದ್ದುಪಡಿಸಿತು. ಇಲಿಗಳ ಮೇಲಿನ ಪ್ರಯೋಗ ವ್ಯರ್ಥವೆಂದು ಇದರ ಅರ್ಥವಲ್ಲ. ಮುಂದೆ ಯಾವುದನ್ನು ಪರೀಕ್ಷಿಸಬೇಕೆಂದು ಅದು ಸಂಶೋಧಕರಿಗೆ ಸೂಚಿಸುತ್ತದೆ. ಏನನ್ನು ತಿನ್ನಬೇಕೆಂದು ಮನೆಯವರಿಗೆ ಹೇಳುವ ಹಂತ ಅದಲ್ಲ.

ಜೊತೆಯಲ್ಲಿ ಕಂಡದ್ದು ಕಾರಣವೇ?

ಮೂರನೆಯ ಪ್ರಸಂಗದಲ್ಲಿ ಪ್ರಾಣಹಾನಿಯೇ ಸಂಭವಿಸಿತು. ಕ್ಯಾರೆಟ್ ಮುಂತಾದ ತರಕಾರಿಗಳಲ್ಲಿ ಬೀಟಾ ಕ್ಯಾರೋಟಿನ್ ಎಂಬ ವರ್ಣಾಂಶವಿದೆ. ಇಂತಹ ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ, ಹಾಗೂ ರಕ್ತದಲ್ಲಿ ಈ ಅಂಶ ಹೆಚ್ಚಾಗಿರುವವರಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಅನೇಕ ಅಧ್ಯಯನಗಳು ಹೇಳಿದ್ದವು. ಅವು ಸಣ್ಣ ಅಧ್ಯಯನಗಳಲ್ಲ, ಇಲಿಗಳ ಮೇಲೆ ನಡೆದವೂ ಅಲ್ಲ. ಹಾಗಾದರೆ ಆ ಅಂಶವನ್ನೇ ಮಾತ್ರೆಯಾಗಿ ನೀಡಿದರೆ ರೋಗವನ್ನು ತಡೆಯಬಹುದೆಂಬ ಊಹೆ ಸಹಜವಾಗಿತ್ತು.

ಇದನ್ನು ಪರೀಕ್ಷಿಸಲು 1985ರಲ್ಲಿ ಫಿನ್‌ಲೆಂಡ್‌ನಲ್ಲಿ ಪ್ರಯೋಗವೊಂದು ಆರಂಭವಾಯಿತು. ಧೂಮಪಾನಿಗಳಾದ 29,133 ಪುರುಷರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಉಳಿದವರಿಗೆ ಆ ಅಂಶವಿಲ್ಲದ ಮಾತ್ರೆಗಳನ್ನು ಐದರಿಂದ ಎಂಟು ವರ್ಷ ನೀಡಲಾಯಿತು. 1994ರಲ್ಲಿ ಫಲಿತಾಂಶ ಪ್ರಕಟವಾದಾಗ, ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಧೂಮಪಾನಿಗಳು ಹಾಗೂ ಕಲ್ನಾರಿನ ಕೆಲಸ ಮಾಡಿದವರ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ, ಇದರೊಡನೆ ವಿಟಮಿನ್ ಎ ಸಹ ನೀಡುತ್ತಿದ್ದ ಇನ್ನೊಂದು ಪ್ರಯೋಗದಲ್ಲಿಯೂ ಹಾನಿ ಕಂಡುಬಂದುದರಿಂದ ಅದನ್ನು 1996ರ ಜನವರಿಯಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಮೊದಲಿನ ಅಧ್ಯಯನಗಳು ಸುಳ್ಳು ಹೇಳಿರಲಿಲ್ಲ. ತರಕಾರಿ ತಿನ್ನುವವರಲ್ಲಿ ರೋಗ ಕಡಿಮೆ ಇದ್ದದ್ದು ನಿಜ. ಆದರೆ ತರಕಾರಿ ಹೆಚ್ಚು ತಿನ್ನುವವರು ಸಾಮಾನ್ಯವಾಗಿ ಧೂಮಪಾನವನ್ನೂ ಕಡಿಮೆ ಮಾಡುತ್ತಾರೆ. ಮೇಲಾಗಿ ಧೂಮಪಾನವೇ ರಕ್ತದಲ್ಲಿನ ಬೀಟಾ ಕ್ಯಾರೋಟಿನ್ ಅನ್ನು ತಗ್ಗಿಸುತ್ತದೆ. ಎರಡು ಸಂಗತಿಗಳು ಜೊತೆಯಲ್ಲಿ ಕಂಡಾಗ ಮೂರನೆಯದೊಂದು ಎರಡಕ್ಕೂ ಮೂಲವಾಗಿರಬಹುದು. ಜನರನ್ನು ಅವರವರ ಅಭ್ಯಾಸದ ಮೇಲೆ ವಿಂಗಡಿಸದೆ ಚೀಟಿ ಎತ್ತಿ ವಿಂಗಡಿಸಿದಾಗ ಇಂತಹ ಮೂರನೆಯ ಕಾರಣಗಳು ಎಲ್ಲ ಗುಂಪುಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಅದಕ್ಕೇ ಆ ಬಗೆಯ ಪ್ರಯೋಗಕ್ಕೆ ತೂಕ ಹೆಚ್ಚು.

ಶೇಕಡಾ 18 ಎಂಬುದನ್ನೂ ಬಿಡಿಸಿ ನೋಡಬೇಕು. ವರ್ಷಕ್ಕೆ 10,000 ಜನರಲ್ಲಿ ಸುಮಾರು 47 ಇದ್ದ ಪ್ರಕರಣಗಳು ಸುಮಾರು 56 ಆದವು ಎಂಬುದು ಅದರ ಅರ್ಥ. ಮಾತ್ರೆ ಪಡೆದವರು ಸಾವಿರಾರು ಮಂದಿ ಇದ್ದುದರಿಂದ ಇದು ಅಲಕ್ಷಿಸುವಂತಹುದಲ್ಲ. ಆದರೆ ಐವರಲ್ಲಿ ಒಬ್ಬರಿಗೆ ರೋಗ ಬಂತೆಂದು ಓದಿಕೊಂಡರೆ ತಪ್ಪಾಗುತ್ತದೆ. ಈ ಪ್ರಯೋಗ ಪರೀಕ್ಷಿಸಿದ್ದು ಧೂಮಪಾನಿಗಳು ನುಂಗಿದ ಮಾತ್ರೆಯನ್ನು. ಕ್ಯಾರೆಟ್ ಪಲ್ಯಕ್ಕೆ ಇದರಿಂದ ಯಾವ ದೋಷವೂ ಇಲ್ಲ.

ದೂರು ಸಲ್ಲಿಸುವ ಬಗ್ಗೆ

ಪತ್ರಿಕೆಯ ಸುದ್ದಿಗೂ ಮಾರಾಟಗಾರರ ಜಾಹೀರಾತಿಗೂ ವ್ಯತ್ಯಾಸವಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 53ರ ಪ್ರಕಾರ ಆಹಾರ ಪದಾರ್ಥದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ನೀಡಿದವರಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಮಧುಮೇಹ ಅಥವಾ ಕ್ಯಾನ್ಸರ್ ಅನ್ನು ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವ ಆಹಾರ ಪದಾರ್ಥ ಕಂಡುಬಂದಲ್ಲಿ ಸಾರ್ವಜನಿಕರು ತಮ್ಮ ಜಿಲ್ಲೆಯ ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು. ದೂರಿನೊಂದಿಗೆ ಜಾಹೀರಾತಿನ ಪ್ರತಿ, ಅದು ಪ್ರಕಟವಾದ ದಿನಾಂಕ, ಪೊಟ್ಟಣದ ಚಿತ್ರ ಹಾಗೂ ಅದರ ಮೇಲೆ ಮುದ್ರಿತವಾಗಿರುವ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಲಗತ್ತಿಸುವುದು. ಖರೀದಿಸಿದ್ದಲ್ಲಿ ರಸೀದಿಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.